ಚರಂಡಿಯಲ್ಲಲ್ಲ, ಡ್ರಮ್ಮಿನಲ್ಲಿ: ಮಳೆಗಾಲದ ಜ್ವರ ಮತ್ತು ಸೊಳ್ಳೆಯ ಬಗೆಗಿನ ತಪ್ಪು ತಿಳಿವಳಿಕೆಗಳು

ಡೆಂಗಿ ಹರಡುವ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಿಲ್ಲ. ಮಳೆಗಾಲದ ಜ್ವರಗಳ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಗಟ್ಟಿಯಾಗಿ ಬೇರೂರಿರುವುದು ಇದರ ಕುರಿತಾದದ್ದೇ. ಬೀದಿಯಲ್ಲಿ ಯಾರಿಗೋ ಡೆಂಗಿ ಎಂದು ಗೊತ್ತಾದರೆ ಸಾಕು, ಚರಂಡಿಯ ಹೂಳು ತೆಗೆದಿಲ್ಲ, ಖಾಲಿ ಸೈಟಿನ ಕಸ ಎತ್ತಿಲ್ಲ ಎಂಬ ದೂರು ಪಾಲಿಕೆಯ ಆರೋಗ್ಯ ಶಾಖೆಗೆ ಹೋಗುತ್ತದೆ. ಹೂಳೂ ತೆಗೆಯಬೇಕು, ಕಸವೂ ಎತ್ತಬೇಕು. ಆದರೆ ಅವೆರಡೂ ಆದ ಮೇಲೂ ಆ ಬೀದಿಯಲ್ಲಿ ಜ್ವರ ಮುಂದುವರಿಯುವುದುಂಟು. ಜ್ವರ ಹರಡುವ ಸೊಳ್ಳೆ ಹುಟ್ಟುತ್ತಿರುವುದು ಮನೆಯೊಳಗಿನ, ಇಲ್ಲವೇ ಮನೆಗೆ ತಾಗಿಕೊಂಡ ಜಾಗದ ತಿಳಿನೀರಿನಲ್ಲಿ.

ನಮ್ಮ ನಗರಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸೊಳ್ಳೆಗಳು ಮುಖ್ಯವಾಗಿ ಮೂರು ಬಗೆಯವು. ಚರಂಡಿ, ಕೊಳಚೆ, ತುಂಬಿದ ಶೌಚಗುಂಡಿಯಲ್ಲಿ ಹುಟ್ಟುವುದು ಕ್ಯೂಲೆಕ್ಸ್. ರಾತ್ರಿ ಕಿವಿಯ ಬಳಿ ಗುಂಯ್ ಎಂದು ನಿದ್ದೆಗೆಡಿಸುವ ಸೊಳ್ಳೆ ಬಹುಪಾಲು ಇದೇ. ಆನೆಕಾಲು ರೋಗ ಇರುವ ಕಡೆ ಅದನ್ನು ಹರಡುತ್ತದೆ, ಡೆಂಗಿಯನ್ನಲ್ಲ. ಎರಡನೆಯದು ಅನಾಫಿಲಿಸ್, ಮಲೇರಿಯಾದ ಸೊಳ್ಳೆ. ಅದರ ನಗರವಾಸಿ ಪ್ರಭೇದವಾದ ಅನಾಫಿಲಿಸ್ ಸ್ಟೀಫನ್ಸಿ ಬಾವಿ, ತಾರಸಿಯ ತೊಟ್ಟಿ, ಕಟ್ಟಡ ಕಾಮಗಾರಿಯ ಜಾಗದಲ್ಲಿ ನಿಂತ ನೀರನ್ನು ಆರಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿದ್ದ ವರ್ಷಗಳಲ್ಲಿ ಮಲೇರಿಯಾ ಆ ನಗರವನ್ನು ಬಿಡದೆ ಕಾಡಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಮೂರನೆಯದು ಈಡಿಸ್, ಅದರಲ್ಲೂ ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಡೆಂಗಿ, ಚಿಕುನ್‌ಗುನ್ಯ, ಝೀಕಾ ಮೂರನ್ನೂ ಹರಡಬಲ್ಲದು. ಕಚ್ಚುವುದು ಹಗಲು ಹೊತ್ತು: ಬೆಳಗ್ಗೆ ಬಿಸಿಲೇರಿದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ ಹೊತ್ತು ಮುಳುಗುವ ಮುಂಚಿನ ಕೆಲ ಗಂಟೆಗಳಲ್ಲಿ ಹೆಚ್ಚು. ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿದವರಿಗೂ ಡೆಂಗಿ ಬರುವುದು ಇದೇ ಕಾರಣಕ್ಕೆ.

ಈಡಿಸ್ ದೂರ ಹಾರುವ ಸೊಳ್ಳೆಯಲ್ಲ. ತಾನು ಹುಟ್ಟಿದ ಪಾತ್ರೆಯಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರಿನೊಳಗೇ ಅದರ ಬಾಳು ಮುಗಿಯುತ್ತದೆ. ಊಟ, ವಿಶ್ರಾಂತಿ ಎರಡೂ ಒಂದೇ ಮನೆಯಲ್ಲಿ ಸಿಕ್ಕರೆ ಅಷ್ಟು ದೂರವೂ ಹೋಗುವುದಿಲ್ಲ. ಹೀಗಾಗಿ ಒಂದು ಮನೆಯಲ್ಲಿ ಹಗಲು ಸೊಳ್ಳೆ ಕಚ್ಚುತ್ತಿದೆ ಎಂದರೆ ಹುಡುಕಬೇಕಾದ ನೀರು ಆ ಮನೆಯಲ್ಲೋ, ಅಕ್ಕಪಕ್ಕದಲ್ಲೋ, ಎದುರಿನ ಕಾಮಗಾರಿಯಲ್ಲೋ ಇರುತ್ತದೆ. ಆಚೆ ಬಡಾವಣೆಯ ರಾಜಕಾಲುವೆಯಲ್ಲಿ ಅಲ್ಲ.

ನೀರಿನ ಪಾತ್ರೆಗೂ ಸೊಳ್ಳೆಗೂ ಇರುವ ಈ ನಂಟು ಮೊದಲು ಕಣ್ಣಿಗೆ ಬಿದ್ದ ಊರುಗಳಲ್ಲಿ ಬೆಂಗಳೂರೂ ಒಂದು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ಮುಂದೆ ಸಾಧಿಸಿ ತೋರಿಸಿದ ರೊನಾಲ್ಡ್ ರಾಸ್ 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯನಾಗಿದ್ದ. ನೀರು ಸಿಗದಂತೆ ಮಾಡಿದರೆ ಸೊಳ್ಳೆಯನ್ನು ತಗ್ಗಿಸಬಹುದು ಎಂಬುದು ಅವನ ಗಮನಕ್ಕೆ ಬಂದದ್ದು ಆ ದಿನಗಳಲ್ಲಿ, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯನ್ನು ನೋಡಿ.

ನೀರು ಚೆಲ್ಲಿದರೆ ಕೆಲಸ ಮುಗಿಯಿತು ಎಂಬ ಮಾತು ಮುಕ್ಕಾಲು ಸರಿ. ಉಳಿದ ಕಾಲು ಭಾಗದಲ್ಲಿ ಈಡಿಸ್ ಬದುಕಿಕೊಳ್ಳುತ್ತದೆ. ಹೆಣ್ಣು ಈಡಿಸ್ ಮೊಟ್ಟೆಯನ್ನು ನೀರಿನ ಮೇಲೆ ತೇಲಿಬಿಡುವುದಿಲ್ಲ. ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಗೋಡೆಯ ತೇವದ ಜಾಗದಲ್ಲಿ ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ನೂರರ ಸುಮಾರು ಮೊಟ್ಟೆ. ಅಷ್ಟನ್ನೂ ಒಂದೇ ಕಡೆ ಇಡದೆ ನಾಲ್ಕಾರು ಪಾತ್ರೆಗಳಿಗೆ ಹಂಚುವುದು ಅದರ ಅಭ್ಯಾಸ. ಮೊಟ್ಟೆ ಒಂದು ಮಿಲಿಮೀಟರಿಗೂ ಚಿಕ್ಕದು, ಇಟ್ಟ ಕೆಲ ಗಂಟೆಯಲ್ಲಿ ಕಪ್ಪಾಗುತ್ತದೆ. ಡ್ರಮ್ಮಿನ ಒಳಮೈಯಲ್ಲಿ ನೀರಿನ ಗೆರೆ ಗುಂಟ ಬೆರಳಾಡಿಸಿದರೆ ಮಸಿ ಪುಡಿಯಂತೆ ತಾಗುವ ಕೊಳೆಯಲ್ಲಿ ಅದೂ ಸೇರಿರಬಹುದು. ನೀರು ಖಾಲಿಯಾಗಿ ಒಣಗಿದರೂ ಆ ಮೊಟ್ಟೆ ಸಾಯುವುದಿಲ್ಲ, ತಿಂಗಳುಗಟ್ಟಲೆ ಹಾಗೆಯೇ ಕಾದಿರುತ್ತದೆ. ಮತ್ತೆ ನೀರು ತುಂಬಿ ಅದನ್ನು ಮುಳುಗಿಸಿದಾಗ ಮರಿ ಹೊರಬರುತ್ತದೆ. ಬೇಸಿಗೆಯಿಡೀ ಮೂಲೆಯಲ್ಲಿ ಒಣಗಿ ಬಿದ್ದಿದ್ದ ಟೈರು ಮುಂಗಾರಿನ ಮೊದಲ ಮಳೆಗೇ ಸೊಳ್ಳೆ ಕೊಡುವುದು ಹೀಗೆ.

ಆದ್ದರಿಂದ ಬಗ್ಗಿಸಿ ಚೆಲ್ಲುವುದರ ಜೊತೆಗೆ ಉಜ್ಜುವುದೂ ಬೇಕು. ಡ್ರಮ್ಮು, ಹಂಡೆ, ಸಿಮೆಂಟು ತೊಟ್ಟಿಯ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ಇರುವ ಜಾಗವನ್ನು, ತೆಂಗಿನ ನಾರು ಅಥವಾ ಬ್ರಷ್ಷಿನಿಂದ ಸೋಪು ಇಲ್ಲವೇ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದು, ಮಗುಚಿಟ್ಟು ಒಣಗಿಸಿ ಆಮೇಲೆ ತುಂಬಬೇಕು. ಮರಿಗಳಿರುವ ನೀರನ್ನು ಮತ್ತೊಂದು ಪಾತ್ರೆಗೋ ನಿಂತ ನೀರಿಗೋ ಸುರಿಯದೆ ಒಣ ಮಣ್ಣಿಗೆ ಚೆಲ್ಲಬೇಕು. ಅಲ್ಲಿ ಅವು ಬದುಕುವುದಿಲ್ಲ.

ಇದನ್ನು ವಾರಕ್ಕೊಮ್ಮೆ ಮಾಡಿ ಎಂದು ಆರೋಗ್ಯ ಇಲಾಖೆ ಹೇಳುವುದು ಸೊಳ್ಳೆಯ ಬೆಳವಣಿಗೆಯ ಲೆಕ್ಕ ಹಿಡಿದು. ಮೊಟ್ಟೆ ಒಡೆದ ಮೇಲೆ ಮರಿ, ಅಂದರೆ ಲಾರ್ವಾ, ನಾಲ್ಕು ಹಂತದಲ್ಲಿ ಬೆಳೆಯಲು ನಮ್ಮ ಮಳೆಗಾಲದ ಸೆಕೆಯಲ್ಲಿ ಐದಾರು ದಿನ ಬೇಕು. ಆಮೇಲೆ ಅದು ಅಲ್ಪವಿರಾಮ ಚಿಹ್ನೆಯ ಆಕಾರದ ಪ್ಯೂಪಾ ಆಗಿ ಎರಡು ದಿನ ಏನೂ ತಿನ್ನದೆ ಇರುತ್ತದೆ. ನಂತರ ರೆಕ್ಕೆ ಬಂದು ಹಾರುತ್ತದೆ. ಒಟ್ಟು ಏಳರಿಂದ ಹತ್ತು ದಿನ, ತಣ್ಣನೆಯ ಊರಿನಲ್ಲಿ ಇನ್ನೂ ಹೆಚ್ಚು. ಏಳು ದಿನಕ್ಕೆ ಮುಂಚೆ ನೀರು ಚೆಲ್ಲಿ ಉಜ್ಜಿದರೆ ಆ ಪಾತ್ರೆಯಿಂದ ಸೊಳ್ಳೆ ಹೊರಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ನಡುವೆ ಒಂದು ಪೀಳಿಗೆ ಆಗಲೇ ಹಾರಿಹೋಗಿರುತ್ತದೆ.

ನೀರಿನಲ್ಲಿ ಮರಿ ಇದೆಯೇ ಎಂದು ತಿಳಿಯಲು ಟಾರ್ಚು ಸಾಕು. ಬೆಳಕು ಬಿದ್ದ ಕೂಡಲೇ ಅಥವಾ ಪಾತ್ರೆಗೆ ತಟ್ಟಿದ ಕೂಡಲೇ ದಾರದ ತುಂಡಿನಂಥವು ಬಳುಕುತ್ತ ತಳಕ್ಕೆ ಇಳಿಯುತ್ತವೆ. ಈಡಿಸ್ ಮರಿ ತಳದಲ್ಲಿ ತುಸು ಹೊತ್ತು ನಿಲ್ಲುವುದರಿಂದ, ಒಮ್ಮೆ ಇಣುಕಿ ಏನೂ ಕಾಣಲಿಲ್ಲ ಎಂದು ಮುಚ್ಚಿಬಿಡಬಾರದು. ಉಸಿರಾಡಲು ಮೇಲೆ ಬಂದಾಗ ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆ ಕೆಳಗಾಗಿ ಓರೆಯಾಗಿ ನೇತಾಡಿದರೆ ಅದು ಈಡಿಸ್ ಇಲ್ಲವೇ ಕ್ಯೂಲೆಕ್ಸ್. ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿದ್ದರೆ ಅನಾಫಿಲಿಸ್, ಅಂದರೆ ಮಲೇರಿಯಾದ ಸೊಳ್ಳೆ.

ಎಲ್ಲಿ ಹುಡುಕಬೇಕು ಎಂಬುದರಲ್ಲೂ ಒಂದು ತಪ್ಪು ಎಣಿಕೆಯಿದೆ. ತೆಂಗಿನ ಚಿಪ್ಪು, ಒಡೆದ ಮಡಕೆ, ಟೈರುಗಳ ಚಿತ್ರ ಎಲ್ಲ ಭಿತ್ತಿಪತ್ರದಲ್ಲೂ ಇರುತ್ತದೆ. ಅವು ನಿಜವಾಗಿಯೂ ತಾಣಗಳೇ. ಕರಾವಳಿಯ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆ, ರಬ್ಬರ್ ಹಾಲಿನ ಬಟ್ಟಲುಗಳೂ ಆ ಪಟ್ಟಿಗೆ ಸೇರುತ್ತವೆ. ಆದರೆ ನಲ್ಲಿನೀರು ದಿನ ಬಿಟ್ಟು ದಿನವೋ ವಾರಕ್ಕೆರಡು ಸಲವೋ ಬರುವ ಬಡಾವಣೆಗಳಲ್ಲಿ ಸೊಳ್ಳೆಯನ್ನು ಹೆಚ್ಚಾಗಿ ಕೊಡುವುದು ಮನೆಯವರು ಜೋಪಾನವಾಗಿ ತುಂಬಿಟ್ಟ ಡ್ರಮ್ಮು ಮತ್ತು ಸಂಪು. ಚಿಪ್ಪಿನ ನೀರು ಎರಡು ಬಿಸಿಲಿಗೆ ಇಂಗಬಹುದು. ಡ್ರಮ್ಮಿನ ನೀರು ತಳಮುಟ್ಟುವ ಮುಂಚೆಯೇ ಮತ್ತೆ ತುಂಬುತ್ತದೆ, ಮರಿಗಳಿಗೆ ಅಡ್ಡಿಯೇ ಇರುವುದಿಲ್ಲ. ಇವಲ್ಲದೆ ಯಾರ ಗಮನಕ್ಕೂ ಬಾರದವು ಬೇರೆ: ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರಿನ ತಳ, ಮನಿ ಪ್ಲಾಂಟಿನ ಬಾಟಲಿ, ಹೂಕುಂಡದ ಕೆಳಗಿನ ಬಟ್ಟಲು, ಹಿತ್ತಲಿನ ಒರಳುಕಲ್ಲು, ತಾರಸಿಯ ಮಳೆನೀರು ದೋಣಿ, ಕಟ್ಟಡದ ಲಿಫ್ಟ್ ಗುಂಡಿ. ಡ್ರಮ್ಮಿಗೆ ಮುಚ್ಚಿದ ಮುಚ್ಚಳದ ತಗ್ಗಿನಲ್ಲಿ ನಿಂತ ಒಂದು ಲೋಟ ಮಳೆನೀರೂ ಸಾಕಾಗುತ್ತದೆ.

ಪಾಲಿಕೆಯವರು ಮನೆ ಮನೆಗೆ ಬಂದು ಮಾಡುವ ಲಾರ್ವಾ ಸಮೀಕ್ಷೆಯ ಲೆಕ್ಕ ಈ ಪಾತ್ರೆಗಳದ್ದೇ. ಒಂದು ಉದಾಹರಣೆ ನೋಡಬಹುದು. ಒಂದು ಬೀದಿಯ 50 ಮನೆ ತಪಾಸಣೆ ಮಾಡಿದಾಗ 6 ಮನೆಗಳಲ್ಲಿ ಒಟ್ಟು 9 ಪಾತ್ರೆಗಳಲ್ಲಿ ಮರಿ ಸಿಕ್ಕಿತು ಎಂದುಕೊಳ್ಳೋಣ. ನೂರು ಮನೆಗೆ ಲೆಕ್ಕ ಹಾಕಿದರೆ ಮನೆ ಸೂಚ್ಯಂಕ 12. ನೂರು ಮನೆಗೆ ಮರಿಯಿರುವ ಪಾತ್ರೆಗಳೆಷ್ಟು ಎಂದು ಹೇಳುವ ಬ್ರೆಟೊ ಸೂಚ್ಯಂಕ 18. ಎರಡನೆಯ ಅಂಕಿ ಮೊದಲನೆಯದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟರಮಟ್ಟಿಗೆ ತಾಣಗಳು ಕೆಲವೇ ಮನೆಗಳಲ್ಲಿ ಗುಂಪಾಗಿವೆ ಎಂದರ್ಥ. ಇಂಥ ಬೀದಿಯಲ್ಲಿ 44 ಮನೆಯವರು ಎಲ್ಲವನ್ನೂ ಸರಿಯಾಗಿಟ್ಟಿದ್ದರೂ ಉಳಿದ ಆರು ಮನೆಗಳ ಸೊಳ್ಳೆ ಅವರನ್ನೂ ಕಚ್ಚುತ್ತದೆ. ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಗೆ ಬಾಗಿಲು ತೆರೆಯದ, ಬೀಗ ಹಾಕಿಕೊಂಡು ಊರಿಗೆ ಹೋದ ಮನೆಗಳು ಲೆಕ್ಕದಿಂದ ತಪ್ಪಿಹೋಗುವುದು ಈ ಕೆಲಸದ ದೊಡ್ಡ ತೊಡಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ ಸೊಳ್ಳೆ ತಾಣ ಇಟ್ಟುಕೊಂಡ ನಗರದ ಮನೆಗಳಿಗೆ 400 ರೂಪಾಯಿ, ಕಟ್ಟಡ ಕಾಮಗಾರಿಯ ಜಾಗಗಳಿಗೆ 2000 ರೂಪಾಯಿ ದಂಡ ಗೊತ್ತುಮಾಡಿತು.

ವಾರಕ್ಕೊಮ್ಮೆ ಖಾಲಿ ಮಾಡಲಾಗದ ಸಂಪಿಗೆ ಮೊದಲ ಮದ್ದು ಬಿಗಿಯಾದ ಮುಚ್ಚಳ. ಬಟ್ಟೆ ಕಟ್ಟುವುದಾದರೆ ಅದು ಜೋತುಬಿದ್ದು ನೀರಿಗೆ ತಾಗಬಾರದು. ಕುಡಿಯಲು ಬಳಸದ ನೀರಿಗೆ ಆರೋಗ್ಯ ಸಿಬ್ಬಂದಿ ಟೆಮೆಫಾಸ್ ಎಂಬ ಲಾರ್ವಾನಾಶಕ ಹಾಕುತ್ತಾರೆ. ಪ್ರಮಾಣ ಲೀಟರಿಗೆ ಒಂದು ಮಿಲಿಗ್ರಾಂ. ಅಂದರೆ ಸಾವಿರ ಲೀಟರ್ ನೀರಿಗೆ 50 ಪ್ರತಿಶತ ದ್ರಾವಣ ಬರೀ ಎರಡು ಮಿಲಿಲೀಟರ್. ಅದು ಮರಿಯನ್ನು ಕೊಲ್ಲುತ್ತದೆ, ಆದರೆ ಏನೂ ತಿನ್ನದ ಪ್ಯೂಪಾದ ಮೇಲೂ ಗೋಡೆಗೆ ಅಂಟಿದ ಮೊಟ್ಟೆಯ ಮೇಲೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಾವಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆರೆಗೆ ಬಿಡುವುದು ಮಾತ್ರ ತಪ್ಪು: ಈ ಮೀನುಗಳು ಹೊರದೇಶದಿಂದ ಬಂದವು, ನಮ್ಮ ಸಣ್ಣ ಮೀನುಗಳ ಮರಿ ಮೊಟ್ಟೆಗಳನ್ನೂ ತಿಂದುಹಾಕುತ್ತವೆ.

ಇನ್ನು ಫಾಗಿಂಗ್. ಬೀದಿಯಲ್ಲಿ ಹೊಗೆ ಬಿಟ್ಟರೆ ಡೆಂಗಿ ನಿಲ್ಲುತ್ತದೆ ಎಂಬ ನಂಬಿಕೆ ಎಷ್ಟಿದೆಯೆಂದರೆ, ಹೊಗೆ ಯಂತ್ರ ಬಾರದಿದ್ದರೆ ಪಾಲಿಕೆ ಏನೂ ಮಾಡಿಲ್ಲ ಎಂದೇ ಜನ ತಿಳಿಯುತ್ತಾರೆ. ಹೊಗೆಯಲ್ಲಿರುವ ಕೀಟನಾಶಕದ ಹನಿ ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆಗೆ ತಾಗಿದರೆ ಮಾತ್ರ ಅದು ಸಾಯುತ್ತದೆ. ಈಡಿಸ್ ಆಗ ಎಲ್ಲಿರುತ್ತದೆ? ಮಂಚದ ಕೆಳಗೆ, ಪರದೆಯ ಹಿಂದೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ. ಹೊಗೆ ಯಂತ್ರದ ಸದ್ದು ಕೇಳಿದ ಕೂಡಲೇ ಮನೆಯವರು ಕಿಟಕಿ ಬಾಗಿಲು ಮುಚ್ಚುವುದರಿಂದ ಅದು ಒಳಗೆ ಸುರಕ್ಷಿತ. ನೀರಿನಲ್ಲಿರುವ ಮರಿ, ಪ್ಯೂಪಾಗಳಿಗಂತೂ ಹೊಗೆ ಮುಟ್ಟುವುದೇ ಇಲ್ಲ, ಮಾರನೆಯ ಬೆಳಗ್ಗೆ ಹೊಸ ಸೊಳ್ಳೆ ಎದ್ದು ಬರುತ್ತದೆ. ಇದಕ್ಕಿಂತ ಹೆಚ್ಚು ಉಪಯೋಗವಿರುವುದು ರೋಗಿಯ ಮನೆ ಮತ್ತು ನೆರೆಮನೆಗಳ ಒಳಗೆ ಸಿಂಪಡಿಸುವ ಪೈರೆಥ್ರಮ್‌ನಿಂದ. ಅದರ 2 ಪ್ರತಿಶತ ಸಾರದ ಒಂದು ಪಾಲನ್ನು ಹತ್ತೊಂಬತ್ತು ಪಾಲು ಸೀಮೆಎಣ್ಣೆಗೆ ಬೆರೆಸಿ ಒಳಗೆ ಹೊಡೆಯುತ್ತಾರೆ. ವೈರಸ್ ಹೊತ್ತ ಸೊಳ್ಳೆ ಆ ಮನೆಯಲ್ಲೇ ಕುಳಿತಿರುವ ಸಾಧ್ಯತೆ ಹೆಚ್ಚಾದ್ದರಿಂದ ಅದು ಗುರಿ ತಪ್ಪುವುದು ಕಡಿಮೆ.

ಜ್ವರ ಕಾಣಿಸಿಕೊಂಡ ಮೇಲೆ ಹೊಗೆ ಬಿಡುವುದು ಎಷ್ಟು ತಡವಾದ ಕೆಲಸ ಎಂಬುದು ದಿನಗಳ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಜೂನ್ 1ರಂದು ಮಳೆ ಬಂದು ಒಂದು ಟೈರಿನೊಳಗೆ ಕಾದಿದ್ದ ಹಳೆಯ ಮೊಟ್ಟೆಗಳು ಮುಳುಗಿದವು ಎನ್ನಿ. 8ರ ಹೊತ್ತಿಗೆ ಸೊಳ್ಳೆ ಹಾರುತ್ತದೆ. 10ರಂದು ಅದು ಜ್ವರದ ಆರಂಭದಲ್ಲಿರುವ ಒಬ್ಬ ಡೆಂಗಿ ರೋಗಿಯ ರಕ್ತ ಹೀರಿದರೆ, ಆ ವೈರಸ್ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪಲು ಎಂಟರಿಂದ ಹನ್ನೆರಡು ದಿನ. ಜೂನ್ 20ರಂದು ಅದು ಪಕ್ಕದ ಮನೆಯವರನ್ನು ಕಚ್ಚಿದರೆ ಅವರಿಗೆ ಜ್ವರ ಬರಲು ಮತ್ತೆ ನಾಲ್ಕರಿಂದ ಹತ್ತು ದಿನ. ಅವರು ಎರಡು ದಿನ ಕಾದು ವೈದ್ಯರಲ್ಲಿಗೆ ಹೋಗಿ, ರಕ್ತ ಪರೀಕ್ಷೆಯಾಗಿ, ವರದಿ ಪಾಲಿಕೆಗೆ ತಲುಪುವಾಗ ಜುಲೈ ಹುಟ್ಟಿರುತ್ತದೆ. ಅಷ್ಟರಲ್ಲಿ ಅದೇ ಬೀದಿಯ ಪಾತ್ರೆಗಳಿಂದ ಇನ್ನೂ ಎರಡು ಮೂರು ಸರತಿ ಸೊಳ್ಳೆ ಹೊರಬಿದ್ದಿರುತ್ತವೆ. ಜೂನ್ ಮೊದಲ ವಾರ ಟೈರು ಎತ್ತಿದ್ದರೆ ಈ ಸರಪಳಿ ಶುರುವೇ ಆಗುತ್ತಿರಲಿಲ್ಲ.

ಮಳೆಗಾಲದ ಜ್ವರವೆಲ್ಲ ಡೆಂಗಿಯಲ್ಲ. ಮಲೇರಿಯಾ, ಟೈಫಾಯ್ಡ್, ಇಲಿಜ್ವರ ಎಲ್ಲವೂ ಇದೇ ತಿಂಗಳುಗಳಲ್ಲಿ ಬರುತ್ತವೆ, ಮೊದಲೆರಡು ದಿನ ಒಂದನ್ನೊಂದು ಹೋಲುತ್ತವೆ. ಡೆಂಗಿಗೆ ಯಾವ ಪರೀಕ್ಷೆ ಎಂಬುದು ಜ್ವರ ಶುರುವಾಗಿ ಎಷ್ಟು ದಿನವಾಯಿತು ಎಂಬುದರ ಮೇಲೆ ನಿಂತಿದೆ. ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ಸಿಗುವುದು ವೈರಸ್ಸಿನ ಎನ್ಎಸ್1 ಎಂಬ ಪ್ರೋಟೀನು. ಐದನೆಯ ದಿನದ ನಂತರ ಸಿಗುವುದು ದೇಹ ತಯಾರಿಸಿದ ಐಜಿಎಂ ಪ್ರತಿಕಾಯ. ಎರಡನೆಯ ದಿನ ಐಜಿಎಂ ಮಾತ್ರ ಮಾಡಿಸಿ ನೆಗೆಟಿವ್ ಬಂತೆಂದು ಸಮಾಧಾನಪಟ್ಟರೆ ಮೋಸಹೋದಂತೆ. ಎರಡಕ್ಕೂ ಎಲೈಸಾ ವಿಧಾನವೇ ಖಚಿತವೆಂದು ಸರ್ಕಾರ ಒಪ್ಪುತ್ತದೆ. ಹತ್ತು ನಿಮಿಷದ ಕಾರ್ಡು ಪರೀಕ್ಷೆಯ ನೆಗೆಟಿವ್ ಫಲಿತಾಂಶ ಡೆಂಗಿ ಇಲ್ಲವೆಂದು ಹೇಳಲು ಸಾಲದು.

ಜೀವಕ್ಕೆ ಕುತ್ತು ತರುವ ತಪ್ಪು ತಿಳಿವಳಿಕೆ ಎಂದರೆ, ಜ್ವರ ಇಳಿಯಿತು ಎಂದರೆ ಡೆಂಗಿ ವಾಸಿಯಾಯಿತು ಎಂಬುದು. ಡೆಂಗಿಯಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುತ್ತದೆ, ಆಗ ಶುರುವಾಗುವ ಒಂದೆರಡು ದಿನಗಳೇ ಅಪಾಯದ ಅವಧಿ. ಕೆಲವರಲ್ಲಿ ಆ ಹೊತ್ತಿಗೆ ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂ ಸೋರುತ್ತದೆ. ರಕ್ತನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಬೀಳುತ್ತದೆ. ಮೈ ತಣ್ಣಗಾಗಿದೆ, ಮಗು ಸುಸ್ತಾಗಿ ಮಲಗಿದೆ ಎಂದು ಮನೆಯವರು ನೆಮ್ಮದಿಯಾಗಿರುವಾಗಲೇ ಇದು ನಡೆಯಬಹುದು.

ಸೋರಿಕೆಯನ್ನು ಹಿಡಿಯುವ ಅಂಕಿ ಪ್ಲೇಟ್‌ಲೆಟ್ ಅಲ್ಲ, ಹಿಮಾಟೊಕ್ರಿಟ್. ಪ್ರಯೋಗಾಲಯದ ಚೀಟಿಯಲ್ಲಿ ಇದು ಪಿಸಿವಿ ಎಂದೂ ಇರುತ್ತದೆ. ಮೂರನೆಯ ದಿನ 36 ಇದ್ದ ಮಹಿಳೆಯೊಬ್ಬರ ಹಿಮಾಟೊಕ್ರಿಟ್ ಐದನೆಯ ದಿನ 44 ಆಯಿತೆಂದರೆ ಏರಿಕೆ ಶೇಕಡಾ 22. ಇಪ್ಪತ್ತರಷ್ಟು ಏರಿದರೇ ಸೋರಿಕೆ ಗಂಭೀರವೆಂದು ವೈದ್ಯರು ನೋಡುತ್ತಾರೆ. ಅವರ ಪ್ಲೇಟ್‌ಲೆಟ್ ಆಗ 60 ಸಾವಿರ ಇದ್ದರೂ ಬೇಕಾಗುವುದು ಅಳೆದು ಕೊಡುವ ಸಲೈನ್, ಪ್ಲೇಟ್‌ಲೆಟ್ ಚೀಲವಲ್ಲ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಅದನ್ನು ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪರಂಗಿ ಎಲೆಯ ರಸದ ಮೇಲಿನ ನಂಬಿಕೆಯೂ ಈ ಅಂಕಿಯ ಸುತ್ತಲೇ ಬೆಳೆದದ್ದು. ಪ್ಲೇಟ್‌ಲೆಟ್ ತುಸು ಬೇಗ ಏರಿತೆಂದು ಕೆಲ ಸಣ್ಣ ಅಧ್ಯಯನಗಳು ಹೇಳಿವೆ, ಆದರೆ ಪ್ಲಾಸ್ಮಾ ಸೋರುವುದನ್ನು ಅದು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಾಂತಿಯಾಗುತ್ತಿರುವವರಿಗೆ ಕಹಿ ರಸ ಒತ್ತಾಯದಿಂದ ಕುಡಿಸಿದರೆ ಒಳಗಿದ್ದ ನೀರೂ ಹೊರಗೆ ಹೋಗುತ್ತದೆ. ಗಂಜಿ, ಎಳನೀರು, ಓಆರ್‌ಎಸ್ ಆಗಾಗ ಸ್ವಲ್ಪ ಸ್ವಲ್ಪವೇ ಕುಡಿಸುವುದು ಅದಕ್ಕಿಂತ ಮೇಲು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವೆಂದು ಔಷಧಿ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ವಿಪರೀತ ಮಂಪರು ಅಥವಾ ಚಡಪಡಿಕೆ, ತಣ್ಣಗೆ ಒದ್ದೆಯಾದ ಕೈಕಾಲು, ಆರು ಗಂಟೆಯಾದರೂ ಮೂತ್ರ ಹೋಗದಿರುವುದು: ಇವುಗಳಲ್ಲಿ ಒಂದು ಕಂಡರೂ, ಥರ್ಮಾಮೀಟರಿನಲ್ಲಿ ಜ್ವರ ಇಲ್ಲದಿದ್ದರೂ, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಒಮ್ಮೆ ಡೆಂಗಿ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ಮಾತು ಚಿಕುನ್‌ಗುನ್ಯದ ಮಟ್ಟಿಗೆ ಬಹುಪಾಲು ನಿಜ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಮಾತ್ರ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಮುಂದೆ ಬೇರೆ ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳು ಅದನ್ನು ಹಿಡಿದರೂ ಕೊಲ್ಲಲಾರವು. ವೈರಸ್ ಅವುಗಳ ನೆರವಿನಿಂದಲೇ ಜೀವಕೋಶದೊಳಕ್ಕೆ ಹೊಕ್ಕು ಹೆಚ್ಚುತ್ತದೆ. ಎರಡನೆಯ ಸಲದ ಡೆಂಗಿ ತೀವ್ರವಾಗುವ ಸಾಧ್ಯತೆ ಹೆಚ್ಚಿರುವುದು ಇದರಿಂದ. ಹಿಂದೆ ಡೆಂಗಿ ಆಗಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ, ಕಚ್ಚಿದ ಪ್ರತಿ ಈಡಿಸ್ ಅದನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಮನೆಯ ಸೊಳ್ಳೆಪರದೆ ಆ ಐದು ದಿನ ಸೇರಬೇಕಾದದ್ದು ರೋಗಿಯ ಹಾಸಿಗೆಯನ್ನು, ಅದೂ ಹಗಲು ಹೊತ್ತಿನಲ್ಲಿ.